ಕಾಪಿ ಮಾಡಲು ಹೋಗಿ ಕೊಲೆಗಾರನಾದೆ

ಮೂರು ಗಂಟೆಯಿಂದ ಒಂದೇ ಸಮನೆ ಓಡುತ್ತಿದ್ದ ಪ್ರೋಗ್ರಾಂ ಅದು. ಹಳೇ ಫೋನು, ಹೊಸ ಫೋನು, ಎರಡು ಹಾರ್ಡ್ ಡಿಸ್ಕು, ಎಲ್ಲದರಿಂದ ಗುಡ್ಡೆ ಹಾಕಿದ್ದ 41 ಸಾವಿರ ಫೋಟೋಗಳಲ್ಲಿ ಯಾವುದು ಎರಡೆರಡು ಸಲ ಇದೆ ಎಂದು ಹುಡುಕಲು ನಾನೇ ಪೈಥಾನ್‌ನಲ್ಲಿ ಬರೆದದ್ದು. ನೂರು ಫೋಟೋ ಮುಗಿದಾಗೊಮ್ಮೆ ಟರ್ಮಿನಲ್‌ನಲ್ಲಿ ಒಂದು ಸಾಲು ಬರುತ್ತಿತ್ತು. ಆ ಸಾಲು ಏರುವುದನ್ನು ನೋಡುತ್ತಾ ಕೂರುವುದೇ ಒಂದು ಸುಖ. ಮನೆಯವಳಿಗೆ ಕಂಪ್ಯೂಟರ್ ಬೇಕಿತ್ತು. ಅವಳಿಗೆಂದು ಒಂದು ಮೆಸೇಜ್ ಟೈಪ್ ಮಾಡಿ, ಕಾಪಿ ಮಾಡಿ, ಮಗಳಿಗೂ ಅದನ್ನೇ ಕಳಿಸಿದ್ದೆ: ‘ಇನ್ನು ಹತ್ತೇ ನಿಮಿಷ, ಮುಗಿದೇ ಹೋಯ್ತು.’

ಆಗ ಇದು ಬಂತು.

```
38500 / 41000
38600 / 41000
UserWarning: Corrupt EXIF data.
```

ಇದೇನಪ್ಪಾ ಹೊಸದು ಅಂತ ಎದೆ ಧಸಕ್ಕೆಂದಿತು. ಇಂಥದ್ದೆಲ್ಲ ಗೊತ್ತಿರುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಕಳಿಸೋಣ ಎಂದುಕೊಂಡು ಮೌಸ್ ಎಳೆದು ಆ ಸಾಲನ್ನು ಆರಿಸಿದೆ. ನೀಟಾಗಿ ಬಣ್ಣ ಬಂತು. ಎಡಗೈ ತನ್ನ ಪಾಡಿಗೆ ತಾನು ಹೋಗಿ ಕಂಟ್ರೋಲ್ ಸಿ ಒತ್ತಿತು.

ಪರದೆಯ ಮೇಲೆ `^C` ಎಂದು ಮೂಡಿತು. ಅದರ ಕೆಳಗೆ ಹತ್ತು ಹನ್ನೆರಡು ಸಾಲಿನ ಪ್ರಲಾಪ. ಕೊನೆಯಲ್ಲಿ `KeyboardInterrupt` ಎಂಬ ಒಂದೇ ಪದ. ಆಮೇಲೆ ಖಾಲಿ ಪ್ರಾಂಪ್ಟು ಮಿಟುಕಿಸುತ್ತಾ ಕೂತಿತು, ಏನೂ ಆಗೇ ಇಲ್ಲವೇನೋ ಎಂಬಂತೆ.

ಸಿಕ್ಕಿದ್ದನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಒಂದೇ ಸಲ ಫೈಲಿಗೆ ಬರೆಯೋಣ ಎಂದು ಪ್ರೋಗ್ರಾಂ ಬರೆದ ಮಹಾಶಯ ನಾನೇ. ಅಂದರೆ 38,600 ಫೋಟೋಗಳ ಲೆಕ್ಕ ಗಾಳಿಗೆ ಹೋಗಿತ್ತು. ಕೈಗೆ ಮಾತ್ರ ಇದ್ಯಾವುದೂ ಗೊತ್ತಿಲ್ಲ. ಅದು ಆಗಲೇ ಗೆಳೆಯನ ಚಾಟ್ ತೆರೆದು ಕಂಟ್ರೋಲ್ ವಿ ಒತ್ತಿ ಎಂಟರ್ ಕೊಟ್ಟಿತ್ತು. ಕಾಪಿ ಆಗಿರಲೇ ಇಲ್ಲವಲ್ಲ, ಕ್ಲಿಪ್‌ಬೋರ್ಡ್‌ನಲ್ಲಿ ಮೊದಲು ಏನಿತ್ತೋ ಅದೇ ಹೋಯಿತು: ‘ಇನ್ನು ಹತ್ತೇ ನಿಮಿಷ, ಮುಗಿದೇ ಹೋಯ್ತು.’

‘ಏನು ಮುಗಿದು ಹೋಯ್ತು?’ ಎಂದು ಅವನು ಕೇಳಿದ.

ಎಲ್ಲಾ, ಎಂದೆ.

ಇದರಲ್ಲಿ ಟರ್ಮಿನಲ್‌ನದು ತಪ್ಪಿಲ್ಲ ಎನ್ನುವುದೇ ಜಾಸ್ತಿ ಬೇಜಾರು. ಆಸ್ಕಿ ಪಟ್ಟಿಯಲ್ಲಿ ದೊಡ್ಡ C ಅಕ್ಷರದ ಸಂಖ್ಯೆ 67. ಕಂಟ್ರೋಲ್ ಕೀ ಒತ್ತಿ ಹಿಡಿದರೆ ಅದರಿಂದ 64 ಕಳೆದುಹೋಗುತ್ತದೆ, ಉಳಿಯುವುದು 3. ಟರ್ಮಿನಲ್ ಆ 3 ಎಂಬ ಒಂದು ಬೈಟನ್ನು ಒಳಗೆ ತಳ್ಳುತ್ತದೆ, ಅಷ್ಟೇ ಅದರ ಕೆಲಸ. ಒಳಗೆ ಕರ್ನೆಲ್‌ನಲ್ಲಿ ಬಾಗಿಲು ಕಾಯುವ ಒಂದು ಭಾಗವಿದೆ. ಅದು 3 ಕಂಡ ಕೂಡಲೇ ಮುಂದೆ ಓಡುತ್ತಿರುವ ಪ್ರೋಗ್ರಾಂಗೆ ‘ನಿಲ್ಲಿಸು’ ಎಂಬ ಸಿಗ್ನಲ್ ಕಳಿಸುತ್ತದೆ. ಆ ಸಿಗ್ನಲ್‌ನ ಹೆಸರು `SIGINT`, ಸಂಖ್ಯೆ 2. ಮೌಸ್‌ನಲ್ಲಿ ನಾನು ಏನನ್ನು ಬಣ್ಣ ಬಳಿದು ಆರಿಸಿದ್ದೇನೆ ಎಂಬುದು ಆ ಬಾಗಿಲಿನವನಿಗೆ ಕಾಣುವುದೇ ಇಲ್ಲ. ಸತ್ತದ್ದು ಹೇಗೆ ಎಂದು ಖಾತ್ರಿ ಮಾಡಿಕೊಳ್ಳಬೇಕೆಂದರೆ ತಕ್ಷಣ `echo $?` ಎಂದು ಕೇಳಿ. 130 ಎನ್ನುತ್ತದೆ. 128ಕ್ಕೆ ಆ 2 ಸೇರಿಸಿದ್ದು. ನಾನೂ ಕೇಳಿದೆ. ಪೋಸ್ಟ್ ಮಾರ್ಟಂ ವರದಿಯಲ್ಲಿ ನನ್ನದೇ ಬೆರಳಚ್ಚು.

ಕಾಪಿಗೆ C ಎಂಬುದು ಬೇರೆ ಮನೆಯ ಸಂಪ್ರದಾಯ. 1984ರ ಮ್ಯಾಕಿಂಟಾಷ್‌ನಲ್ಲಿ ಅದಕ್ಕೆಂದೇ ಕಮಾಂಡ್ ಎಂಬ ಪ್ರತ್ಯೇಕ ಕೀ ಇತ್ತು, ಹಾಗಾಗಿ ಮ್ಯಾಕ್‌ನವರಿಗೆ ಇವತ್ತಿಗೂ ಈ ಜಗಳವಿಲ್ಲ. ಕಮಾಂಡ್ ಸಿ ಕಾಪಿ ಮಾಡುತ್ತದೆ, ಕಂಟ್ರೋಲ್ ಸಿ ಕೊಲ್ಲುತ್ತದೆ. ಆಮೇಲೆ ವಿಂಡೋಸ್ ಬಂದು ಕಾಪಿಯನ್ನೂ ಕಂಟ್ರೋಲ್ ಕೀಗೇ ಕಟ್ಟಿತು. ಆ ಜಾಗದಲ್ಲಿ ಟರ್ಮಿನಲ್ ಮೊದಲೇ ಟವೆಲ್ ಹಾಕಿ ಕೂತಿತ್ತು. ಅದು ಎದ್ದೇಳಲಿಲ್ಲ. ಅದಕ್ಕೇ ಲಿನಕ್ಸ್‌ನ ಟರ್ಮಿನಲ್‌ಗಳಲ್ಲಿ ಕಾಪಿಗೆ ನಡುವೆ ಶಿಫ್ಟ್ ಸೇರಿಸಬೇಕು.

ಕಿರುಬೆರಳು ಶಿಫ್ಟ್‌ವರೆಗೆ ತಲುಪಿದರೆ ಕಾಪಿ, ಕೂದಲೆಳೆ ಆಚೀಚೆ ಆದರೆ ಕೊಲೆ. ಇಂಥ ಏರ್ಪಾಟನ್ನು ನಂಬಲು ನನಗೆ ಮನಸ್ಸು ಬರಲಿಲ್ಲ. ಹುಡುಕಿದಾಗ ಕೊಲ್ಲುವ ಕೀಯನ್ನೇ ಬದಲಾಯಿಸಬಹುದು ಎಂದು ತಿಳಿಯಿತು.

```
stty intr ^X
```

ಈಗ ಕಂಟ್ರೋಲ್ ಎಕ್ಸ್ ಒತ್ತಿದರೆ ಮಾತ್ರ ಸಾವು. ಸಿ ಎಷ್ಟು ಒತ್ತಿದರೂ ಪ್ರೋಗ್ರಾಂ ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡು ದಿನ ರಾಜನಂತಿದ್ದೆ. ಮೂರನೇ ದಿನ ನಿಲ್ಲದೇ ಸುತ್ತುವ ಒಂದು ಲೂಪ್ ಬರೆದುಬಿಟ್ಟೆ. ಗಾಬರಿಯಲ್ಲಿ ಕಂಟ್ರೋಲ್ ಸಿ ಕುಟ್ಟಿದೆ, ಕುಟ್ಟುತ್ತಲೇ ಇದ್ದೆ. ಕೀ ಬದಲಾಯಿಸಿದ್ದು ನೆನಪಾಗುವ ಹೊತ್ತಿಗೆ ಲ್ಯಾಪ್‌ಟಾಪ್‌ನ ಫ್ಯಾನ್ ಹಾರಿಹೋಗುವಂತೆ ಬಡಿದುಕೊಳ್ಳುತ್ತಿತ್ತು. ಇನ್ನೊಂದು ವಿಷಯ: ಆ ಆಜ್ಞೆ ಕೊಟ್ಟ ಕಿಟಕಿಗೆ ಮಾತ್ರ ಅನ್ವಯ. ಹೊಸ ಟರ್ಮಿನಲ್ ತೆರೆದರೆ ಅಲ್ಲಿ ಹಳೇ ಕಾನೂನು. ಒಂದು ಕಿಟಕಿಯಲ್ಲಿ ಸಾಧು, ಪಕ್ಕದ ಕಿಟಕಿಯಲ್ಲಿ ಹುಲಿ. ಸುಮ್ನೆ ವಾಪಸ್ ಬಂದೆ.

ಆಫೀಸಿನ ವಿಂಡೋಸ್ ಯಂತ್ರ ಇನ್ನೂ ಜಾಣ. ಅಲ್ಲಿನ ಟರ್ಮಿನಲ್ ಮೊದಲು ನೋಡುತ್ತದೆ: ಏನಾದರೂ ಆರಿಸಿದ್ದಾನಾ? ಆರಿಸಿದ್ದರೆ ಕಂಟ್ರೋಲ್ ಸಿ ಕಾಪಿ, ಇಲ್ಲದಿದ್ದರೆ ಕೊಲೆ. ಎಂಥಾ ಒಳ್ಳೆ ನ್ಯಾಯ ಅಲ್ವಾ ಎಂದುಕೊಂಡಿದ್ದೆ. ಆದರೆ ನನಗೆ ಕಾಪಿಯನ್ನು ಎರಡು ಸಲ ಒತ್ತುವ ಚಾಳಿ ಇದೆ. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತೇವಲ್ಲ, ಹಾಗೆ. ಮೊದಲ ಒತ್ತಿಗೆ ಕಾಪಿ ಆಗುತ್ತದೆ, ಆರಿಸಿದ ಬಣ್ಣವೂ ಮಾಯವಾಗುತ್ತದೆ. ಎರಡನೇ ಒತ್ತಿನ ಹೊತ್ತಿಗೆ ಆರಿಸಿದ್ದು ಏನೂ ಇಲ್ಲ. ಹಾಗಾಗಿ ಅಲ್ಲಿ ನನಗೆ ಬೇಕಾದ ಸಾಲೂ ಸಿಕ್ಕಿತು, ಪ್ರೋಗ್ರಾಮೂ ಸತ್ತಿತು.

ಕೊನೆಗೆ ಫೋಟೋ ಪ್ರೋಗ್ರಾಂ ತೆಗೆದು ಮಾಡಬೇಕಿದ್ದದ್ದನ್ನು ಮಾಡಿದೆ. ನೂರು ಫೋಟೋ ಮುಗಿದಾಗೊಮ್ಮೆ ಲೆಕ್ಕವನ್ನು ಫೈಲಿಗೆ ಬರೆಯುವುದು, ಮತ್ತೆ ಶುರುವಾದಾಗ ಮುಗಿದ ಫೋಟೋಗಳನ್ನು ಬಿಟ್ಟು ಮುಂದಕ್ಕೆ ಹೋಗುವುದು. ಎಲ್ಲ ಸೇರಿ ಆರೇ ಸಾಲು. ಈಗ ಸತ್ತರೂ ಹೋಗುವುದು ಅರ್ಧ ನಿಮಿಷದ ಕೆಲಸ.

ಮತ್ತೆ ಓಡಿಸಿದೆ. ಮೂರು ಗಂಟೆ ಆಯಿತು. 38600 ದಾಟಿತು. ಅದೇ ಎಚ್ಚರಿಕೆಯ ಸಾಲು ಅದೇ ಜಾಗದಲ್ಲಿ ಬಂತು. ಕಾಪಿ ಮಾಡಲು ಯಾವ ಭಯವೂ ಇರಬೇಕಿರಲಿಲ್ಲ. ಆದರೂ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ಕೀಬೋರ್ಡಿಗೆ ತಾಗದಂತೆ ಫೋನ್ ಎತ್ತಿ, ಪರದೆಯ ಒಂದು ಫೋಟೋ ಹೊಡೆದು ಗೆಳೆಯನಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಒಂದೂ ಅಕ್ಷರ ಕಾಣ್ತಿಲ್ಲ ಮಾರಾಯ. ಫೋಟೋ ಯಾಕೆ ಹೊಡೀತೀಯ, ಕಾಪಿ ಮಾಡಿ ಕಳಿಸು.’