ಭಾನುವಾರವೂ ದುಡಿಯುವ ಬ್ಯಾಂಕ್ ಸಾಹೇಬರು

ಕಲಬುರಗಿಯ ಯಾವುದಾದರೂ ಬ್ಯಾಂಕ್ ಶಾಖೆಗೆ ಸೋಮವಾರ ಬೆಳಿಗ್ಗೆ ಪಾಸ್‌ಬುಕ್ ಹಿಡಿದುಕೊಂಡು ಹೋಗಿ ನೋಡಿ. ಪ್ರಿಂಟರ್ ಕೆಟ್ಟಿರುತ್ತದೆ. ಅದು ಸರಿ ಇದ್ದರೆ ಸರ್ವರ್ ಡೌನ್. ಎರಡೂ ಸರಿ ಇದ್ದ ದಿನ ಕೌಂಟರಿನವರು ತಲೆ ಎತ್ತದೆಯೇ 'ಊಟ ಆದಮ್ಯಾಲ ಬರ್ರಿ' ಅನ್ನುತ್ತಾರೆ. ಇದೇ ಬ್ಯಾಂಕಿಗೆ ಇನ್ನೊಬ್ಬ ಸಾಹೇಬರಿದ್ದಾರೆ. ಅವರನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ಭಾನುವಾರ ಇಲ್ಲ, ಎರಡನೇ ಶನಿವಾರ ಇಲ್ಲ, ರಾತ್ರಿ ಒಂಬತ್ತಕ್ಕೂ ತಾವಾಗಿಯೇ ಫೋನ್ ಹಚ್ಚುತ್ತಾರೆ. ಹೆಸರು ಹಿಡಿದು ಕರೆಯುತ್ತಾರೆ, 'ಊಟ ಆತೇನ್ರಿ ಕಾಕಾ' ಅಂತ ಕೇಳುತ್ತಾರೆ, ನಿಮ್ಮ ಕಾರ್ಡ್ ಬಂದ್ ಆಗುವುದನ್ನು ನೆನೆದು ದುಃಖಪಡುತ್ತಾರೆ. ಇಷ್ಟೊಂದು ಪ್ರೀತಿ ಇರುವವರು ಬ್ಯಾಂಕಿನವರು ಹೇಗಾದಾರು ಎಂಬ ಅನುಮಾನ ಮೊದಲ ನಿಮಿಷಕ್ಕೇ ಬರಬೇಕಿತ್ತು. ಯಾಕೋ, ಬರುವುದಿಲ್ಲ.

ಈ ಸಾಹೇಬರಿಗೆ ಬೇಕಾದದ್ದು ಒಂದೇ, ನಿಮ್ಮ ಮೊಬೈಲಿಗೆ ಬಂದ ಆರು ಅಂಕಿಯ ಓಟಿಪಿ. ಅದನ್ನು ಹುಟ್ಟಿಸಿದ್ದು ಬ್ಯಾಂಕಿನ ಕಂಪ್ಯೂಟರ್. ಕಳಿಸಿದ್ದೂ ಅದೇ. ನೀವು ಬರೆದದ್ದು ತಾಳೆಯಾಗುತ್ತದೋ ಇಲ್ಲವೋ ಎಂದು ನೋಡುವುದೂ ಅದೇ. ನಡುವೆ ಮನುಷ್ಯನಿಗೆ ಕೆಲಸವೇ ಇಲ್ಲ. ಹೀಗಿರುವಾಗ ಬ್ಯಾಂಕಿನವರೇ ಫೋನ್ ಮಾಡಿ 'ಓಟಿಪಿ ಏನು ಬಂದದ ಹೇಳ್ರಿ' ಅನ್ನುವುದು, ಗಂಜ್‌ನ ಅಡತಿ ಸಾಹುಕಾರ ತಾನೇ ಚೀಟಿ ಬರೆದು ಕೊಟ್ಟು, ಸಂಜೆ ರೈತನಿಗೆ ಫೋನ್ ಮಾಡಿ 'ಅದರಾಗ ನಾ ಏನ್ ಬರ್ದೀನಪಾ' ಎಂದು ಕೇಳಿದ ಹಾಗೆ.

ಓಟಿಪಿ ಸುಮ್ಮಸುಮ್ಮನೆ ಹುಟ್ಟುವುದಿಲ್ಲ. ಯಾರೋ ಎಲ್ಲೋ ನಿಮ್ಮ ಕಾರ್ಡಿನಿಂದ ಸಾಮಾನು ಕೊಳ್ಳಲು, ನಿಮ್ಮ ನೆಟ್‌ಬ್ಯಾಂಕಿಂಗ್ ತೆರೆಯಲು, ನಿಮ್ಮ ಖಾತೆಯನ್ನು ಹೊಸ ಮೊಬೈಲಿಗೆ ಕಟ್ಟಿಕೊಳ್ಳಲು, ಅಥವಾ ಇಂಥದ್ದೇ ಯಾವುದಾದರೂ ಕೆಲಸಕ್ಕೆ ಹೊರಟಾಗ ಮಾತ್ರ ಹುಟ್ಟುತ್ತದೆ. ಆ ಕೆಲಸ ನಡೆದಿರುವ ಪರದೆಯ ಮೇಲೆ ಒಂದು ಖಾಲಿ ಡಬ್ಬಿ ತೆರೆದು ಕೂತಿರುತ್ತದೆ. ಓಟಿಪಿಗೆ ಲೋಕದಲ್ಲಿ ಇರುವ ಜಾಗ ಅದೊಂದೇ. ಬರೆದ ಬೆರಳು ಯಾರದು ಎಂದು ಡಬ್ಬಿ ಕೇಳುವುದಿಲ್ಲ. ಆದ್ದರಿಂದ ಫೋನಿನಲ್ಲಿ ಓಟಿಪಿ ಕೇಳುವವನು ಆ ಹೊತ್ತಿಗೆ ಆ ಡಬ್ಬಿಯ ಮುಂದೆ ಕೂತಿರಲೇಬೇಕು. ಬೇರೆಲ್ಲೂ ಅವನಿಗೆ ಅದರಿಂದ ಉಪಯೋಗವಿಲ್ಲ. 'ಹತ್ತರಲ್ಲಿ ಒಬ್ಬರಾದರೂ ಖರೇ ಅಧಿಕಾರಿ ಇರಬಹುದು' ಎಂಬ ದಯೆಗೆ ಇಲ್ಲಿ ಜಾಗವಿಲ್ಲ.

ಆಳಂದ ಕಡೆಯ ಒಬ್ಬ ಕಾಕಾನ ಖಾತೆಯಲ್ಲಿ ತೊಗರಿ ಮಾರಿದ ರೊಕ್ಕ 62,000 ಇದೆ ಎಂದಿಟ್ಟುಕೊಳ್ಳಿ. ಸಾಹೇಬರು ಫೋನ್ ಹಚ್ಚುತ್ತಾರೆ.

'ಹೆಡ್ ಆಫೀಸಿನಿಂದ ಮಾತಾಡ್ಲಿಕತ್ತೀನ್ರಿ ಕಾಕಾ. ನಿಮ್ಮ ಕಾರ್ಡ್ ಇವತ್ತ ಬಂದ್ ಆಗ್ತದ. ನಂಬಿಕಿ ಇಲ್ಲಂದ್ರ ಕಾರ್ಡ್ ತಗೊಂಡು ನೋಡ್ರಿ, ಮೊದಲಿನ ಆರು ನಂಬರ್ ನಾನೇ ಹೇಳ್ತೀನಿ.'

ಹೇಳುತ್ತಾರೆ. ಕಾರ್ಡಿನ ಮೇಲಿನದಕ್ಕೂ ಅದಕ್ಕೂ ತಾಳೆಯಾಗುತ್ತದೆ. ಕಾಕಾನಿಗೆ ದೇವರು ಸಿಕ್ಕಷ್ಟು ಸಮಾಧಾನ. ಆದರೆ ಕಾರ್ಡಿನ ಮೊದಲ ಆರು ಅಂಕಿಗಳು ಕಾಕಾನವಲ್ಲ, ಬ್ಯಾಂಕಿನವು. ಒಂದು ಬ್ಯಾಂಕು ಕೊಟ್ಟ ಒಂದೇ ಬಗೆಯ ಕಾರ್ಡುಗಳಿಗೆಲ್ಲ ಅವೇ ಇರುತ್ತವೆ. ಕಾಕಾನ ಓಣಿಯಲ್ಲಿ ಅದೇ ಕಾರ್ಡ್ ಇರುವ ಹತ್ತು ಮಂದಿಯ ಮುಂದೆಯೂ ಈ ಪವಾಡ ನಡೆಯುತ್ತದೆ. ಮುಂದಿನ ಹತ್ತು ಅಂಕಿಗಳನ್ನು 'ವೆರಿಫೈ ಮಾಡಲಿಕ್ಕೆ' ಕಾಕಾನೇ ಓದಬೇಕು, ಕೊನೆಯ ತಾರೀಖನ್ನೂ ಓದಬೇಕು, ಹಿಂದಿನ ಮೂರು ಅಂಕಿಗಳನ್ನೂ. ಆಮೇಲೆ ಸಾಹೇಬರು ಮೆಲ್ಲಗೆ ಕೇಳುತ್ತಾರೆ, 'ಖಾತ್ಯಾಗ ರೊಕ್ಕ ಎಷ್ಟು ಅದರಿ?' ಹೆಡ್ ಆಫೀಸಿನವರಿಗೆ ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂಬುದೊಂದು ಮಾತ್ರ ಗೊತ್ತಿಲ್ಲ!

ಅಷ್ಟರಲ್ಲಿ ಅತ್ತ ಒಂದು ಆನ್‌ಲೈನ್ ಅಂಗಡಿಯಲ್ಲಿ 19,999 ರೂಪಾಯಿಯ ಖರೀದಿ ತಯಾರಾಗಿದೆ. ಕಾಕಾನ ಮೊಬೈಲ್ ಟಿಣ್ ಅನ್ನುತ್ತದೆ. ಬಂದ ಮೆಸೇಜಿನಲ್ಲಿ ಎಲ್ಲವೂ ಇರುತ್ತದೆ: ಮೊತ್ತ, ಅಂಗಡಿಯ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಯಾರಿಗೂ ಹೇಳಬೇಡಿ ಎಂಬ ತಾಕೀತು. ಆದರೆ ಇಂಗ್ಲಿಷಿನಲ್ಲಿ. ಅದಕ್ಕೇ ಸಾಹೇಬರು ಅವಸರ ಮಾಡುತ್ತಾರೆ: 'ಪೂರ್ತಿ ಓದಬ್ಯಾಡ್ರಿ ಕಾಕಾ, ಆರು ನಂಬರ್ ಅಷ್ಟ ಹೇಳ್ರಿ. ಫೋನ್ ಮಾತ್ರ ಕಟ್ ಮಾಡಬ್ಯಾಡ್ರಿ.' ಕಟ್ ಮಾಡಿದರೆ ಕಾಕಾ ಪಕ್ಕದ ಮನೆಯ ಹುಡುಗನಿಗೆ ಮೆಸೇಜ್ ತೋರಿಸಬಹುದು. ಅದೂ ಅಲ್ಲದೆ ಓಟಿಪಿಯ ಆಯಸ್ಸು ಕೆಲವೇ ನಿಮಿಷ. ಇಲ್ಲಿ ನಿಜವಾಗಿ ಬಂದ್ ಆಗುವುದು ಕಾಕಾನ ಕಾರ್ಡಲ್ಲ, ಸಾಹೇಬರ ಡಬ್ಬಿ.

ಕಾಕಾ ಓದಿದರು. 19,999 ಹೋಯಿತು. ಸಾಹೇಬರು ಈಗ ಬೇಸರದಿಂದ 'ಫೇಲ್ ಆತ್ರಿ, ಇನ್ನೊಂದ್ ಬರ್ತದ ನೋಡ್ರಿ' ಅನ್ನುತ್ತಾರೆ. ಇಡೀ ಆಟದಲ್ಲಿ ಜನ ಸುಲಭವಾಗಿ ಮೋಸಹೋಗುವ ಸಾಲು ಇದು. ಒಂದು ಓಟಿಪಿ ಒಂದೇ ವ್ಯವಹಾರಕ್ಕೆ. ಎರಡನೆಯದು ಬಂತೆಂದರೆ ಎರಡನೇ ಖರೀದಿ ನಡೆದಿದೆ ಎಂದೇ ಲೆಕ್ಕ. ಅದು 24,000ದ್ದು. ಈಗ ರೊಕ್ಕ ಕಟ್ಟಾದ ಮೆಸೇಜ್ ಕಣ್ಣಿಗೆ ಬಿದ್ದು ಕಾಕಾ ಗಾಬರಿಯಾದರೆ ಸಾಹೇಬರು ಅವರಿಗಿಂತ ಹೆಚ್ಚು ಗಾಬರಿಯಾಗುತ್ತಾರೆ. 'ಅಯ್ಯೋ, ತಪ್ಪಾಗಿ ಹೋಗ್ಯಾವರಿ! ವಾಪಸ್ ಹಾಕ್ತೀನಿ, ಅದಕ್ಕೊಂದು ಓಟಿಪಿ ಬರ್ತದ.' ರೊಕ್ಕ ಒಳಗೆ ಬರಲು ಓಟಿಪಿಯೂ ಬೇಡ, ಪಿನ್ನೂ ಬೇಡ. ಸರ್ಕಾರದ ರೊಕ್ಕ, ಬೆಳೆವಿಮೆ, ಮಗ ಪುಣೆಯಿಂದ ಕಳಿಸಿದ್ದು, ಯಾವುದಕ್ಕೂ ಕಾಕಾ ಇದುವರೆಗೆ ನಂಬರ್ ಹೇಳಿಲ್ಲ. ಮೂರನೆಯದು 18,000ಕ್ಕೆ. ಖಾತೆಯಲ್ಲಿ ಉಳಿದದ್ದು 1 ರೂಪಾಯಿ. ಅದಕ್ಕೂ ಓಟಿಪಿ ಕೇಳಲಿಲ್ಲವಲ್ಲ, ಸಾಹೇಬರು ದಯಾವಂತರೇ.

ಇಷ್ಟೆಲ್ಲ ನಡೆಯಲು ಕಾಕಾನ ಕಾರ್ಡಿನಲ್ಲಿ ಆನ್‌ಲೈನ್ ಬಳಕೆ ಚಾಲೂ ಇರಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳು ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ಚಾಲೂ ಆಗಿ ಬರುತ್ತವೆ, ಆನ್‌ಲೈನ್ ಬೇಕಾದರೆ ನಾವೇ ತೆರೆಯಬೇಕು. ಮಗ ಒಂದು ಸಲ ರೈಲ್ವೆ ಟಿಕೆಟ್ ಮಾಡಲು ತೆರೆದವನು ಮುಚ್ಚುವುದನ್ನು ಮರೆತ. ಬ್ಯಾಂಕಿನ ಆ್ಯಪಿನಲ್ಲಿ ಆ ಸ್ವಿಚ್ ಇದೆ, ಮಿತಿಯನ್ನೂ ಅಲ್ಲೇ ಇಳಿಸಬಹುದು. ಎಟಿಎಂಗೆ ಮಾತ್ರ ಬಳಸುವ ಕಾರ್ಡಿನಲ್ಲಿ ಅದು ಮುಚ್ಚಿಯೇ ಇರಲಿ. ಆಗ ಸಾಹೇಬರಿಗೆ ಹದಿನಾರು ಅಂಕಿ ಹೇಳಿದರೂ ಖರೀದಿ ದಾಟುವುದಿಲ್ಲ.

'ಹಂಗಂದ್ರ ಶಾಖೆಯೊಳಗೂ ಓಟಿಪಿ ಕೇಳ್ತಾರಲ್ರಿ' ಎಂದು ತಕರಾರು ಮಾಡುವವರಿದ್ದಾರೆ. ಹೌದು, ಹೊಸ ಖಾತೆ ತೆರೆಯುವಾಗ ಅಥವಾ ಆಧಾರ್ ಜೋಡಿಸುವಾಗ ಕೇಳುವುದುಂಟು. ಅಲ್ಲಿ ಕೆಲಸ ಶುರು ಮಾಡಿದವರು ನೀವು, ಎದುರಿಗೆ ಮನುಷ್ಯ ಕೂತಿದ್ದಾನೆ, ಮೇಜಿನ ಮೇಲೆ ಫಾರಂ ಇದೆ. ಮೆಸೇಜ್ ಓದಿದರೆ ಅದೇ ಕೆಲಸದ ಹೆಸರು ಇರುತ್ತದೆ. ಬಾಗಿಲಿಗೆ ಪಾರ್ಸೆಲ್ ತಂದ ಹುಡುಗ ಕೇಳುವ ನಂಬರೂ ಬೇರೆ, ಅದು ಬ್ಯಾಂಕಿನಿಂದ ಬಂದದ್ದಲ್ಲ. ನೀವೇ ಸಹಾಯವಾಣಿಗೆ ಫೋನ್ ಮಾಡಿದಾಗ ಯಂತ್ರ ಕೀಲಿಗಳನ್ನು ಒತ್ತಲು ಹೇಳಬಹುದು. ಆದರೆ ಬ್ಯಾಂಕಿನ ಹೆಸರಿನಲ್ಲಿ ತಾನಾಗಿ ಫೋನ್ ಮಾಡಿ, ಬಾಯಿಂದ ಹೇಳಿಸಿಕೊಳ್ಳುವ ಕೆಲಸ ಯಾವ ಬ್ಯಾಂಕಿನಲ್ಲೂ ಇಲ್ಲ. ಬ್ಯಾಂಕಿನ ಸೇವಾ ಕರೆಗಳು 1600ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕೆಂದು 2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ನಮ್ಮ ಸಾಹೇಬರು ಇನ್ನೂ ಹತ್ತಂಕಿಯ ಮೊಬೈಲಿನಲ್ಲೇ ಇದ್ದಾರೆ, ಫೋಟೋದಲ್ಲಿ ಬ್ಯಾಂಕಿನ ಚಿಹ್ನೆ ಅಂಟಿಸಿಕೊಂಡು.

ಸರ್ಕಾರವೇನೂ ಸುಮ್ಮನೆ ಕೂತಿರಲಿಲ್ಲ ಬಿಡಿ. ಕೆಲವು ಕಾಲ ಯಾರಿಗೆ ಫೋನ್ ಹಚ್ಚಿದರೂ ಗಂಟೆ ಬಾರಿಸುವ ಮೊದಲು ಸೈಬರ್ ವಂಚನೆಯ ಎಚ್ಚರಿಕೆ ಕೇಳಿಸುತ್ತಿತ್ತು. ಅದು ಕೇಳಿಸುವುದು ಫೋನ್ ಮಾಡಿದವನಿಗೆ, ಎತ್ತಿದವನಿಗಲ್ಲ. ಅಂದರೆ ಓಟಿಪಿ ಹೇಳಬಾರದೆಂಬ ಉಪದೇಶವನ್ನು ದಿನಕ್ಕೆ ನೂರು ಸಲ ಶ್ರದ್ಧೆಯಿಂದ ಕೇಳಿದವರು ಸಾಹೇಬರೇ. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ, ತಮ್ಮ ಓಟಿಪಿಯನ್ನು ಇಂದಿಗೂ ಯಾರಿಗೂ ಹೇಳಿಲ್ಲ.

ಕಾಕಾ ಮುಂದೇನು ಮಾಡುತ್ತಾರೆ? ಅರ್ಧ ದಿನ ಯಾರಿಗೂ ಹೇಳುವುದಿಲ್ಲ. ಮಗನಿಗೆ ಗೊತ್ತಾದರೆ ಬೈದಾನೆಂಬ ಅಂಜಿಕೆ, ಊರಿನವರು ನಕ್ಕಾರೆಂಬ ನಾಚಿಕೆ. ಈ ನಾಚಿಕೆಗೂ ದರವಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ಗ್ರಾಹಕ ತಾನೇ ಗುಟ್ಟಿನ ನಂಬರ್ ಹೇಳಿ ಕಳಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾಗಿ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಬೇಕು, ದೂರಿನ ನಂಬರ್ ಮತ್ತು ಹೊತ್ತು ಬರೆದಿಟ್ಟುಕೊಳ್ಳಬೇಕು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹಚ್ಚಬೇಕು, ಅಥವಾ cybercrime.gov.in ನಲ್ಲಿ ದೂರು ಹಾಕಬೇಕು. ಅಲ್ಲಿ ಕೇಳುವುದು ಖಾತೆ ನಂಬರ್, ಪ್ರತಿ ಕಡಿತದ ಮೊತ್ತ, ಹೊತ್ತು ಮತ್ತು ವ್ಯವಹಾರದ ಸಂಖ್ಯೆ. ಆ ಮೆಸೇಜುಗಳನ್ನು ಸಿಟ್ಟಿನಲ್ಲಿ ಅಳಿಸಿದವರು ಆಮೇಲೆ ಹುಡುಕುತ್ತಾ ಕೂರುತ್ತಾರೆ. ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಕೊನೆಗೆ ಯಾವುದೋ ಎಟಿಎಂನಿಂದ ನೋಟಾಗಿ ಹೊರಬೀಳುವ ಮೊದಲೇ ದೂರು ತಲುಪಿದರೆ, ಅದು ಯಾವ ಖಾತೆಯಲ್ಲಿದೆಯೋ ಅಲ್ಲೇ ತಡೆಹಿಡಿಯಬಹುದು. ನೋಟಾದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ.

ದೂರು ಕೊಟ್ಟು ಎಂಟು ದಿನಕ್ಕೆ ಕಾಕಾನಿಗೆ ಮತ್ತೆ ಫೋನ್ ಬರುತ್ತದೆ. ಈ ಸಲ ಸಾಹೇಬರಿಗೆ ಬಡ್ತಿಯಾಗಿದೆ. 'ಸೈಬರ್ ಸೆಲ್‌ನಿಂದ ಮಾತಾಡ್ಲಿಕತ್ತೀನ್ರಿ. ಕಳ್ಳ ಸಿಕ್ಕಾನ, ನಿಮ್ಮ ರೊಕ್ಕನೂ ಸಿಕ್ಕದ. ವಾಪಸ್ ಹಾಕಲಿಕ್ಕೆ ಒಂದು ಓಟಿಪಿ ಬರ್ತದ ನೋಡ್ರಿ.' ತಡೆಹಿಡಿದ ರೊಕ್ಕ ಬರುವುದಾದರೆ, ಬ್ಯಾಂಕಿಗೆ ಹೋಗುವ ಆದೇಶದ ಮೇಲೆ ನೇರವಾಗಿ ಖಾತೆಗೇ ಬರುತ್ತದೆ. ಕಾಕಾ ಮೊಬೈಲ್ ಮುಟ್ಟಬೇಕಾಗಿಯೇ ಇಲ್ಲ. ಸಾಹೇಬರಿಗೆ ಗೊತ್ತಿರಬೇಕಾದದ್ದು ಇನ್ನೊಂದಿದೆ: ಖಾತೆಯಲ್ಲಿ ಇರುವುದು ಆ 1 ರೂಪಾಯಿ ಅಷ್ಟೇ. ಅದಕ್ಕೇ ಅವರು ಮೆಲ್ಲಗೆ ಕೇಳುತ್ತಾರೆ, 'ಮನ್ಯಾಗ ಮತ್ತ ಯಾರ ಕಾರ್ಡರೆ ಅದೇನ್ರಿ?'