ತೆರಿಗೆ ಕಳೆದ ಮೇಲೆ ಮನೆ ಸಾಲ ನಿಜಕ್ಕೂ ಅಗ್ಗವೇ?

ಪರ: ನನಗಂತೂ ಅಗ್ಗವೇ

ಧಾರವಾಡದ ಸಪ್ತಾಪುರದಲ್ಲಿ ಅಪ್ಪ-ಅವ್ವನಿಗೆ ಅಂತ ಮನೆ ತಗೊಂಡೆ. ನನ್ನ ಕೆಲಸ ಬೆಂಗಳೂರಲ್ಲಿ, ಅಲ್ಲಿ ಬಾಡಿಗೆ ಮನೆ. ಸಂಬಳ ವರ್ಷಕ್ಕೆ 20 ಲಕ್ಷ. ಸಾಲ 30 ಲಕ್ಷ, ಬಡ್ಡಿ 8.5%, 20 ವರ್ಷ, ಕಂತು 26,035 ರೂಪಾಯಿ. ಮೊದಲ ವರ್ಷದ ಬಡ್ಡಿ ಸರ್ಟಿಫಿಕೇಟ್ ನೋಡಿ ಎದೆ ಧಸಕ್ಕೆಂದಿತು: ಕಟ್ಟಿದ್ದು 3.12 ಲಕ್ಷ, ಅದರಲ್ಲಿ ಅಸಲಿಗೆ ಜಮೆ ಆಗಿದ್ದು 60 ಸಾವಿರವೂ ಇಲ್ಲ! ಉಳಿದ 2.53 ಲಕ್ಷ ಬರೀ ಬಡ್ಡಿ.

ಆದರೆ ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕಿದರೆ ಅದರಲ್ಲಿ 2 ಲಕ್ಷವನ್ನು ಆದಾಯದಿಂದ ಕಳೆಯಬಹುದು. 30% ಸ್ಲ್ಯಾಬು, ಮೇಲೆ ಸೆಸ್, ಒಟ್ಟು 62,400 ಉಳಿಯಿತು. ಅಂದರೆ ಬಡ್ಡಿ 6.4% ಬಿದ್ದ ಹಾಗೆ. 80ಸಿಯಲ್ಲಿ ಜಾಗ ಇದ್ದವರಿಗೆ ಅಸಲಿನ ಮೇಲೂ ಸಿಗುತ್ತದೆ, ನನ್ನದು ಪಿಎಫ್‌ನಲ್ಲೇ ತುಂಬಿಹೋಗಿದೆ. ಹಾಗಾಗಿ ಬೋನಸ್ ಬಂದರೆ ಸಾಲಕ್ಕೆ ಕಟ್ಟಲ್ಲ, 7.1% ಕೊಡುವ ಪಿಪಿಎಫ್‌ಗೆ ಹಾಕುತ್ತೇನೆ.

ವಿರೋಧ: ಆ 62,400 ಎಲ್ಲಿದೆ, ತೋರಿಸಿ

ಗೆಳೆಯನ ಕಾಗದಗಳನ್ನೇ ಮುಂದಿಟ್ಟುಕೊಂಡು 2025-26ರ ಲೆಕ್ಕ ಹಾಕಿದೆ. ಬಾಡಿಗೆ ಭತ್ಯೆಯ ವಿನಾಯಿತಿ 3 ಲಕ್ಷ, 80ಸಿ 1.5 ಲಕ್ಷ, ಎನ್‌ಪಿಎಸ್, ಆರೋಗ್ಯ ವಿಮೆ, ಸ್ಟ್ಯಾಂಡರ್ಡ್ ಡಿಡಕ್ಷನ್ ತಲಾ 50 ಸಾವಿರ, ಜೊತೆಗೆ ಸಾಲದ ಬಡ್ಡಿ 2 ಲಕ್ಷ. ಇಷ್ಟೆಲ್ಲ ಕಳೆದ ಮೇಲೆ ಹಳೇ ಪದ್ಧತಿಯ ತೆರಿಗೆ 1,79,400. ಹೊಸ ಪದ್ಧತಿಗೆ ಹೋಗಿ, ಅಲ್ಲಿನ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದನ್ನೇ ಕಳೆದಿದ್ದರೆ 1,92,400.

ಈಗ ಸಾಲವೇ ಇಲ್ಲ ಅಂದುಕೊಳ್ಳಿ. ಹಳೇದರಲ್ಲಿ 2,41,800 ಆಗುತ್ತಿತ್ತು, ನಿಜ, ಆದರೆ ಅವನೇನು ಅಷ್ಟು ಕಟ್ಟುತ್ತಿದ್ದನಾ? ಸುಮ್ನೆ ಹೊಸ ಪದ್ಧತಿಗೆ ಹೋಗಿ 1,92,400 ಕಟ್ಟುತ್ತಿದ್ದ. ಹಾಗಾದರೆ ಸಾಲದಿಂದ ಉಳಿದದ್ದು ಬರೀ 13 ಸಾವಿರ. ಬಡ್ಡಿ 8% ದಾಟಿಯೇ ಬೀಳುತ್ತದೆ.

ಬೋನಸ್ ವಿಷಯದಲ್ಲೂ ಎಡವಟ್ಟು ಮಾಡಿಕೊಂಡಿದ್ದಾನೆ. 8.5%ಗೆ 2 ಲಕ್ಷ ಬಡ್ಡಿ ಹುಟ್ಟೋಕೆ 23.5 ಲಕ್ಷ ಸಾಲ ಸಾಕು. ಮೇಲಿನ 6.5 ಲಕ್ಷದ ಬಡ್ಡಿಗೆ ಒಂದು ಪೈಸೆಯೂ ವಿನಾಯಿತಿ ಇಲ್ಲ, ಅದು ಪೂರ್ತಿ 8.5%ಗೇ ಓಡುತ್ತಿದೆ. ಅದನ್ನು ಬಿಟ್ಟು 7.1%ಗೆ ದುಡ್ಡು ಇಡೋದು ಯಾವ ಜಾಣತನ?

ನಮ್ಮ ಭಾವ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರ, ಸಂಬಳ 12.5 ಲಕ್ಷ, ಸ್ವಂತ ಮನೆಯಲ್ಲೇ ವಾಸ. ಹೊಸ ಪದ್ಧತಿಯಲ್ಲಿ ಅವರ ತೆರಿಗೆಯೇ ಸೊನ್ನೆ, ಇನ್ನು ಉಳಿಸೋದೆಲ್ಲಿ? ಆದರೂ ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಹೋಗಿ ಬಡ್ಡಿ ಸರ್ಟಿಫಿಕೇಟ್ ತಂದು ಫೈಲಿಗೆ ಹಾಕುತ್ತಾರೆ.