ಅರ್ಥವಿವರಣಾ ಸಹಿತ ನಾಮಕರಣ

ಉಡುಪಿಯ ಸಭಾಂಗಣಗಳಲ್ಲಿ ನಾಮಕರಣದ ವಿಧಿಗಳಿಗೆ ಈಚೆಗೆ ಹೊಸದೊಂದು ಸೇರ್ಪಡೆಯಾಗಿದೆ. ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆದು, ಮಗುವಿನ ಕಿವಿಯಲ್ಲಿ ಅದನ್ನು ಉಸುರಿ, ತೊಟ್ಟಿಲಿಗೆ ಹಾಕಿದೊಡನೆ ಕರ್ಮ ಮುಗಿಯಿತೆಂದು ಊಟದ ಹಾಲಿನ ಕಡೆಗೆ ಹೆಜ್ಜೆ ಹಾಕುವ ಕಾಲ ಹೋಯಿತು. ಈಗ ಅದಾದ ಮೇಲೆ ಮಗುವಿನ ತಂದೆ ಮೈಕು ಹಿಡಿದು, ಇಟ್ಟ ಹೆಸರಿಗೆ ಅರ್ಥವಿದೆಯೆಂದು ಸಭೆಗೆ ಮನವರಿಕೆ ಮಾಡಿಕೊಡಬೇಕು. ಹಿಂದಿನವರಿಗೆ ಈ ಕಷ್ಟವಿರಲಿಲ್ಲ. ಮಗುವಿಗೆ ಕೃಷ್ಣನೆಂದು ಹೆಸರಿಟ್ಟವರು ಈ ಊರಿನ ರಥಬೀದಿಯಲ್ಲಿ ನಿಂತು ಕೃಷ್ಣನೆಂದರೆ ಯಾರೆಂದು ವಿವರಿಸತೊಡಗಿದ್ದರೆ, ಜನರು ಮಗುವನ್ನು ಬಿಟ್ಟು ತಂದೆಯ ಆರೋಗ್ಯವನ್ನು ವಿಚಾರಿಸುತ್ತಿದ್ದರು.

ಮೊನ್ನೆ ನಾನು ಕೇಳಿದ ಭಾಷಣವನ್ನು ಈ ಪ್ರಕಾರದ ಮಾದರಿಯೆಂದೇ ಹೇಳಬೇಕು. ಮಗು ಹುಟ್ಟಿದ್ದು ಉತ್ತರಾಭಾದ್ರಾ ನಕ್ಷತ್ರದ ಮೂರನೆಯ ಪಾದದಲ್ಲಿ. ಪಂಚಾಂಗದ ಪ್ರಕಾರ 27 ನಕ್ಷತ್ರಗಳಿಗೆ ನಾಲ್ಕು ನಾಲ್ಕು ಪಾದಗಳಂತೆ 108 ಅಕ್ಷರಗಳು ಹಂಚಿಕೆಯಾಗಿವೆ. ಉತ್ತರಾಭಾದ್ರೆಯ ಪಾಲಿಗೆ ಬಂದವು ದು, ಥ, ಝ, ಞ. ಹೀಗಾಗಿ ಮಗುವಿಗೆ ಸಿಕ್ಕಿದ್ದು ಝ. ಒಂದು ಪಾದವೆಂದರೆ ಸುಮಾರು ಆರು ಗಂಟೆಯ ಅವಧಿ. ಹೆರಿಗೆ ಅಷ್ಟು ತಡವಾಗಿದ್ದರೆ ಹೆಸರು ಞ ಎಂಬ ಅಕ್ಷರದಿಂದ ಆರಂಭವಾಗಬೇಕಾಗಿತ್ತೆಂಬುದನ್ನು ತಂದೆ ಸಭೆಗೆ ತಿಳಿಸಿದಾಗ, ದೊಡ್ಡದೊಂದು ಅಪಘಾತದಿಂದ ಪಾರಾದವರನ್ನು ಕಂಡಂತೆ ಹೆಂಗಸರು ತಾಯಿಯ ಕಡೆಗೆ ನೋಡಿದರು.

ನನ್ನ ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಸಂಸ್ಕೃತ ಮಾಷ್ಟ್ರು ಮಾತ್ರ ಅಲ್ಲಾಡಲಿಲ್ಲ. ಙ, ಞ, ಣ ಎಂಬ ಅಕ್ಷರಗಳಿಂದ ಆರಂಭವಾಗುವ ಹೆಸರುಗಳೇ ಇಲ್ಲವೆಂಬುದು ಜ್ಯೋತಿಷಿಗಳಿಗೂ ಗೊತ್ತಿದ್ದು, ಅವುಗಳ ಬದಲಿಗೆ ಕ್ರಮವಾಗಿ ಗ, ಜ, ಡ ಇಟ್ಟುಕೊಳ್ಳಿರೆಂದು ಅವರೇ ಪರಿಹಾರ ಹೇಳಿದ್ದಾರಂತೆ. ಅದಕ್ಕಿಂತ ಮುಖ್ಯವಾಗಿ, ನಕ್ಷತ್ರದ ಹೆಸರು ಬೇರೆ, ಕರೆಯುವ ಹೆಸರು ಬೇರೆ; ಪುರೋಹಿತರು ನಕ್ಷತ್ರನಾಮ, ಮಾಸನಾಮಗಳನ್ನೆಲ್ಲ ಪ್ರತ್ಯೇಕವಾಗಿ ಹೇಳಿಸಿಯೇ ವ್ಯಾವಹಾರಿಕ ನಾಮಕ್ಕೆ ಬರುತ್ತಾರೆ. "ಕರೆಯುವ ಹೆಸರು ಝದಿಂದಲೇ ಶುರುವಾಗಬೇಕೆಂದು ಯಾರು ಹೇಳಿದ್ದು ಮಾರಾಯ್ರೆ?" ಎಂದು ಅವರು ನನ್ನನ್ನು ಕೇಳಿದರು. ಹೇಳಿದ್ದು ಮೊಬೈಲು ಎಂಬುದು ವೇದಿಕೆಯಿಂದ ಆಗಲೇ ಪ್ರಕಟವಾಗಿತ್ತು.

ಬೆಲೂನು ಒಡೆಯಿತು, ಪರದೆಯ ಮೇಲೆ ಹೆಸರು ಮೂಡಿತು: ಝಿಯಾಂಶ್. ಸಭೆಯು ಚಪ್ಪಾಳೆ ತಟ್ಟಿತು. ಅರ್ಥವಾಗದ್ದಕ್ಕೆ ತಟ್ಟುವ ಚಪ್ಪಾಳೆ ಯಾವಾಗಲೂ ತುಸು ಜೋರಾಗಿರುತ್ತದೆ. ಬಳಿಕ ತಂದೆ ಪದಚ್ಛೇದಕ್ಕೆ ಕೈಹಾಕಿದರು. ಝಿ ಎಂದರೆ ಜೀವಚೈತನ್ಯ, ಯಾ ಎಂದರೆ ಯಾತ್ರೆ, ಅಂಶವೆಂದರೆ ವಿಷ್ಣುವಿನ ಅಂಶ. ಒಟ್ಟಿನಲ್ಲಿ ಸೂರ್ಯನ ಮೊದಲ ಕಿರಣ. ಜೀವ, ಯಾತ್ರೆ, ವಿಷ್ಣು ಈ ಮೂರನ್ನು ಕೂಡಿಸಿದಾಗ ಸೂರ್ಯ ಹೇಗೆ ಹುಟ್ಟಿದನೆಂದು ಯಾರೂ ಕೇಳಲಿಲ್ಲ, ಏಕೆಂದರೆ ಈಗಿನ ಹೆಸರುಗಳಲ್ಲಿ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಸೂರ್ಯನ ಮೊದಲ ಕಿರಣದಲ್ಲಿಯೇ. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಇಷ್ಟೊಂದು ಮೊದಲ ಕಿರಣಗಳು ಸೇರಿದರೆ ಎರಡನೆಯ ಕಿರಣವಾಗಲು ಯಾವ ಮಗುವನ್ನು ಒಪ್ಪಿಸುವುದೆಂಬ ಚಿಂತೆ ನನ್ನದು.

ಮಾಷ್ಟ್ರ ಚಿಂತೆ ಬೇರೆಯಾಗಿತ್ತು. ಝಿ ಮತ್ತು ಅಂಶ ಸೇರಿದರೆ ಸಂಸ್ಕೃತದ ಯಣ್ ಸಂಧಿಯಂತೆ ಝ್ಯಂಶವಾಗಬೇಕು. ಕನ್ನಡದ ಆಗಮ ಸಂಧಿಯೆಂದರೂ ಝಿಯಂಶವಾದೀತು. ನಡುವಿನ ದೀರ್ಘ ಎಲ್ಲಿಂದ ಬಂತು, ಕೊನೆಯ ಅಕಾರ ಎಲ್ಲಿಗೆ ಹೋಯಿತು ಎಂದು ಅವರು ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದರು. ಅಕಾರ ಹೋದದ್ದು ಹಿಂದಿಯವರ ಬಾಯಲ್ಲಿ, ಅದಕ್ಕೆ ನಮ್ಮ ವ್ಯಾಕರಣ ಹೊಣೆಯಲ್ಲ ಎಂದು ನಾನು ಸಮಾಧಾನ ಹೇಳಿದೆ.

ಆಗ ಅವರು ಪತಂಜಲಿಯನ್ನು ಎತ್ತಿಕೊಂಡರು. ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ, ವ್ಯಾಕರಣವನ್ನು ಏಕೆ ಕಲಿಯಬೇಕೆಂಬ ಪ್ರಶ್ನೆಗೆ ಕೊಡುವ ಉತ್ತರಗಳ ನಡುವೆ, ಹುಟ್ಟಿದ ಮಗನಿಗೆ ಹತ್ತನೆಯ ದಿನ ಕಳೆದ ಮೇಲೆ ಎಂಥ ಹೆಸರಿಡಬೇಕೆಂಬ ಯಾಜ್ಞಿಕರ ಮಾತು ಉದ್ಧೃತವಾಗಿದೆ. ಹೆಸರು ಘೋಷಾಕ್ಷರದಿಂದ ಆರಂಭವಾಗಬೇಕು, ಝ ಘೋಷವೇ. ನಡುವೆ ಯ, ರ, ಲ, ವಗಳಲ್ಲೊಂದು ಬರಬೇಕು, ಯಕಾರ ಬಂದಿದೆ. ಮೊದಲ ಸ್ವರ ವೃದ್ಧಿಯಾಗಿರಬಾರದು, ಇಕಾರ ವೃದ್ಧಿಯಲ್ಲ. ಎರಡೋ ನಾಲ್ಕೋ ಅಕ್ಷರಗಳಿರಬೇಕು. ಸ್ವರ ಎಣಿಸಿದರೆ ಸರಿಯಾಗಿ ಎರಡು. ಶತ್ರುಗಳಲ್ಲಿ ಯಾರಿಗೂ ಆ ಹೆಸರು ಇರಬಾರದು. ಶತ್ರುಗಳಿಗಿರಲಿ, ಭೂಮಂಡಲದಲ್ಲಿ ಅದು ಇನ್ನಾರಿಗಾದರೂ ಇರುವುದು ಸಂಶಯ. ಒಂದೊಂದು ನಿಯಮವೂ ಪಾಸಾಗುತ್ತ ಹೋದಂತೆ ಮಾಷ್ಟ್ರ ಮುಖ ಬಾಡುತ್ತ ಹೋಯಿತು. ಕೊನೆಗೆ ಅವರ ಕೈಗೆ ಸಿಕ್ಕಿದ ಆಧಾರಗಳು ಎರಡು. ಹೆಸರು ಹಿಂದಿನ ಮೂರು ತಲೆಮಾರನ್ನು ಅನುಸರಿಸಬೇಕು ಎಂಬುದೊಂದು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜನ ಹೆಸರು ವಾಸುದೇವ. ಹೆಸರು ಕೃದಂತವಾಗಿರಬೇಕು, ತದ್ಧಿತಾಂತವಾಗಿರಬಾರದು ಎಂಬುದು ಇನ್ನೊಂದು. ಕೃದಂತವೆಂದರೆ ಧಾತುವಿಗೆ ಪ್ರತ್ಯಯ ಹತ್ತಿ ಆದ ಪದ. ಇಲ್ಲಿ ಧಾತುವೇ ಇಲ್ಲದಿರುವಾಗ ಹೆಸರು ನಿಯಮವನ್ನು ಮುರಿದಿದೆಯೆಂದು ಹೇಳುವುದಕ್ಕೂ ಬರುವುದಿಲ್ಲ. "ಝವೇ ಬೇಕಿದ್ದರೆ ಝಷಧ್ವಜ ಎಂದಿಡಬಹುದಿತ್ತು. ಮನ್ಮಥನ ಹೆಸರು. ಝಷವೆಂದರೆ ಮೀನು, ಮಲ್ಪೆ ಬಂದರು ಹತ್ತಿರವಿರುವವರಿಗೆ ವಿವರಿಸುವ ಕೆಲಸವೂ ಇರುತ್ತಿರಲಿಲ್ಲ" ಎಂದು ಅವರು ನಿಟ್ಟುಸಿರಿಟ್ಟರು.

ವೇದಿಕೆಯ ಮೇಲೆ ಭಾಷಣ ಅಷ್ಟರಲ್ಲಿ ಅಕ್ಷರವನ್ನು ಬಿಟ್ಟು ಅಂಕಿಗೆ ದಾಟಿತ್ತು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದರಿಂದ ಎಂಟರವರೆಗೆ ಬೆಲೆ ಕಟ್ಟುವ ಸಂಖ್ಯಾಶಾಸ್ತ್ರವೊಂದಿದೆ. ಅದರಂತೆ ಜೆಗೆ 1, ಎಚ್‌ಗೆ 5, ಐಗೆ 1, ವೈಗೆ 1, ಎಗೆ 1, ಎನ್‌ಗೆ 5, ಎಸ್‌ಗೆ 3, ಕೊನೆಯ ಎಚ್‌ಗೆ ಮತ್ತೆ 5; ಕೂಡಿದರೆ 22, ಅದರ ಅಂಕಿಗಳನ್ನು ಮತ್ತೆ ಕೂಡಿದರೆ 4. ನಾಲ್ಕು ರಾಹುವಿನ ಸಂಖ್ಯೆಯಂತೆ. ರಾಹುವನ್ನು ಒಕ್ಕಲೆಬ್ಬಿಸಲು ಶಾಂತಿ ಹೋಮವೇನೂ ಬೇಕಾಗಲಿಲ್ಲ. ನಡುವೆ ಇನ್ನೊಂದು ಎ ಸೇರಿಸಿದ ಕೂಡಲೇ ಮೊತ್ತ 23ಕ್ಕೆ ಏರಿ, 5 ಆಗಿ, ಬುಧನು ಬಂದು ಕುಳಿತನು. ನವಗ್ರಹಗಳು ಇಂಗ್ಲಿಷ್ ಕಾಗುಣಿತವನ್ನು ಇಷ್ಟು ಎಚ್ಚರದಿಂದ ಓದುತ್ತವೆಯೆಂಬುದು ಸಭೆಗೆ ಹೊಸ ವಿಷಯವಾಗಿತ್ತು. ಕನ್ನಡದಲ್ಲಿ ಬರೆದರೆ ಎ ಒಂದಿದ್ದರೂ ಎರಡಿದ್ದರೂ ಹೆಸರು ಒಂದೇ ರೀತಿ ಕಾಣುವುದರಿಂದ, ಮಗು ಕನ್ನಡ ಶಾಲೆಗೆ ಹೋದರೆ ಯಾವ ಗ್ರಹದ ಆಡಳಿತಕ್ಕೆ ಒಳಪಡುತ್ತದೆಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ. ಆ ಶಾಲೆಗೆ ಕಳಿಸುವ ಆಲೋಚನೆ ಇಲ್ಲ ಎಂಬ ಉತ್ತರ ಬಂತು.

ಭಾಷಣ ಮುಗಿದಾಗ ಗಂಟೆ ಒಂದೂವರೆಯಾಗಿತ್ತು. ಮಟ್ಟುಗುಳ್ಳದ ಹುಳಿ ಎರಡನೆಯ ಸಲ ಬಿಸಿಯಾಗುತ್ತಿತ್ತು. ಮೈಕನ್ನು ಕೆಳಗಿಡುವ ಮುನ್ನ ತಂದೆ ಸಣ್ಣದೊಂದು ಪ್ರಕಟಣೆ ಹೊರಡಿಸಿದರು. ತಾಂಬೂಲದ ಚೀಲಗಳನ್ನು ಸಂಖ್ಯಾಶಾಸ್ತ್ರಿಗಳ ಸಲಹೆ ಬರುವ ಮೊದಲೇ ಮುದ್ರಣಕ್ಕೆ ಕೊಟ್ಟಿದ್ದರಿಂದ ಅವುಗಳ ಮೇಲೆ ಒಂದೇ ಎ ಇದೆ. ಆದುದರಿಂದ ಆಗಮಿಸಿದ ಬಂಧುಗಳು ಕೈತೊಳೆಯುವ ಜಾಗದ ಪಕ್ಕದಲ್ಲಿ ಇಟ್ಟಿರುವ ಪೆನ್ನಿನಿಂದ ತಂತಮ್ಮ ಚೀಲದ ಮೇಲೆ ಇನ್ನೊಂದು ಎ ಸೇರಿಸಿಕೊಂಡೇ ಮನೆಗೆ ಒಯ್ಯಬೇಕಾಗಿ ವಿನಂತಿ. ಪೆನ್ನು ಒಂದೇ ಇತ್ತು. ಊಟ ಮುಗಿಸಿದ ಜನ ಸಾಲಾಗಿ ನಿಂತರು. ಮಾಷ್ಟ್ರು ತಮ್ಮ ಚೀಲದ ಮೇಲೆ ಝಷಧ್ವಜ ಎಂದು ಬರೆದು ಹೊರಟುಹೋದರು.